ಸಿಸಿಟಿವಿ ಕ್ಯಾಮೆರಾದ ವಿವರಣೆಯಲ್ಲಿ "30 ಮೀಟರ್" ಎಂದರೆ ಯಾವ 30 ಮೀಟರ್?

ರವಿಕುಮಾರ್, ಮೈಸೂರು

ಎಲ್ಲರಿಗೂ ನಮಸ್ಕಾರ. ಮೈಸೂರಿನ ದೇವರಾಜ ಅರಸು ರಸ್ತೆಯ ಬಳಿ ನನ್ನದೊಂದು ಚಿಕ್ಕ ಎಲೆಕ್ಟ್ರಾನಿಕ್ಸ್ ಅಂಗಡಿ ಇದೆ. ಈಚೆಗೆ ಆನ್‌ಲೈನ್‌ನಲ್ಲೂ ಮಾರಾಟ ಮಾಡುತ್ತಿದ್ದೇನೆ. ಡಬ್ಬದ ಮೇಲಿನ ಇಂಗ್ಲಿಷ್ ಸಾಲುಗಳನ್ನು ಹಾಗೆಯೇ ಹಾಕಿದರೆ, "30 ಮೀಟರ್ ಎಂದು ಬರೆದಿದ್ದಿರಿ, 12 ಮೀಟರಿನಲ್ಲಿ ನಿಂತವನ ಮುಖವೇ ಗೊತ್ತಾಗುತ್ತಿಲ್ಲ" ಎಂದು ಗಿರಾಕಿಗಳು ವಾಪಸ್ ತರುತ್ತಾರೆ. ಆದ್ದರಿಂದ ಕನ್ನಡದಲ್ಲೇ ವಿವರಣೆ ಬರೆಯಲು ಹೊರಟಿದ್ದೇನೆ. ಕೆಳಗಿನದು ಮೊದಲ ಕರಡು. ಕೊಳ್ಳುವವರು ಎಲ್ಲಿ ತಪ್ಪಾಗಿ ಅರ್ಥ ಮಾಡಿಕೊಳ್ಳಬಹುದು ಎಂಬುದನ್ನು ದಯವಿಟ್ಟು ತಿಳಿಸಿ.

> ಮನೆಯ ಹೊರಗೆ ಹಾಕುವ ವೈಫೈ ಕ್ಯಾಮೆರಾ. 4 ಮೆಗಾಪಿಕ್ಸೆಲ್, ಅಂದರೆ 2560 × 1440 ಚುಕ್ಕೆಗಳ ಚಿತ್ರ. ಅಡ್ಡಲಾಗಿ 90 ಡಿಗ್ರಿ ನೋಟ. ರಾತ್ರಿ ನೋಟ 30 ಮೀಟರ್. ವೈಫೈ ವ್ಯಾಪ್ತಿ ಬಯಲಿನಲ್ಲಿ 100 ಮೀಟರ್. 128 ಜಿಬಿ ಕಾರ್ಡಿನಲ್ಲಿ 30 ದಿನಗಳವರೆಗೆ ರೆಕಾರ್ಡಿಂಗ್. ಮಳೆ, ಧೂಳು ತಡೆಯುವ ಐಪಿ66 ಕವಚ. 12 ವೋಲ್ಟ್, 1 ಆಂಪಿಯರ್ ಅಡಾಪ್ಟರ್ ಜೊತೆಗಿದೆ. ಮೊಬೈಲ್ ಆಪ್ ಮೂಲಕ ಐದು ನಿಮಿಷದಲ್ಲಿ ಜೋಡಿಸಬಹುದು.

ಸುಮಿತ್ರಾ, ಕುವೆಂಪುನಗರ

ರವಿಕುಮಾರ್ ಅವರೇ, ನಮ್ಮ ಮನೆಯ ಗೇಟಿಗೆ ಒಂದು ಕ್ಯಾಮೆರಾ ಬೇಕಾಗಿತ್ತು. 30 ಮೀಟರ್ ಎಂದು ಬರೆದಿದ್ದೀರಲ್ಲ, ಅಷ್ಟು ವೈರ್ ಅಡಾಪ್ಟರಿನ ಜೊತೆಗೇ ಬರುತ್ತದೆಯೇ? ಹಾಲಿನಲ್ಲಿರುವ ಸ್ವಿಚ್ ಬೋರ್ಡಿನಿಂದ ಗೇಟಿನವರೆಗೆ ಹೆಚ್ಚುಕಡಿಮೆ ಅಷ್ಟೇ ದೂರವಿದೆ.

ಚಂದ್ರಶೇಖರ, ವಿಜಯನಗರ

ಮೇಡಂ, ಅದು ವೈರಿನ ಉದ್ದವಲ್ಲ, ಕ್ಯಾಮೆರಾ ಕತ್ತಲೆಯಲ್ಲಿ ನೋಡಬಲ್ಲ ದೂರ. ರವಿಯವರ ಕರಡು ಚೆನ್ನಾಗಿಯೇ ಇದೆ, ಆದರೆ ಅವರ ಗಿರಾಕಿಗಳ ದೂರಿಗೆ ಕಾರಣ ಮೆಗಾಪಿಕ್ಸೆಲ್ ಕಡಿಮೆ ಇರುವುದು. 4ರ ಬದಲು 8 ಮೆಗಾಪಿಕ್ಸೆಲ್ ಕ್ಯಾಮೆರಾ ಮಾರಿದರೆ ಎರಡರಷ್ಟು ದೂರದವರೆಗೆ ಮುಖ ಸ್ಪಷ್ಟವಾಗಿ ಸಿಗುತ್ತದೆ. ವಿವರಣೆಯಲ್ಲಿ ಮೊದಲ ಸಾಲಿಗೇ ಅದನ್ನು ಹಾಕಿ, ಉಳಿದದ್ದು ಎರಡನೆಯ ಮಾತು.

ಪುಟ್ಟಸ್ವಾಮಿ, ಮಂಡ್ಯ

ನಾನು ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಕಡೆ ಬಹಳ ವರ್ಷಗಳಿಂದ ಕ್ಯಾಮೆರಾ ಅಳವಡಿಸುವ ಕೆಲಸ ಮಾಡುತ್ತಿದ್ದೇನೆ. ಚಂದ್ರಶೇಖರ್ ಸರ್ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಚುಕ್ಕೆಗಳ ಸಂಖ್ಯೆ ಮುಖ್ಯವೇ, ಆದರೆ ಒಟ್ಟು ಎಷ್ಟು ಎನ್ನುವುದಕ್ಕಿಂತ, ನಿಂತಿರುವ ಮನುಷ್ಯನ ಜಾಗದಲ್ಲಿ ಒಂದು ಮೀಟರ್ ಅಗಲಕ್ಕೆ ಎಷ್ಟು ಚುಕ್ಕೆ ಬೀಳುತ್ತದೆ ಎನ್ನುವುದು ಮುಖ್ಯ. ನಮ್ಮ ಕಸುಬಿನಲ್ಲಿ ಬಹುಕಾಲದಿಂದ ಬಳಸುವ ಅಳತೆ ಹೀಗಿದೆ: ಅಪರಿಚಿತನೊಬ್ಬನ ಗುರುತು ಹಿಡಿಯಲು ಮೀಟರಿಗೆ ಸುಮಾರು 250 ಚುಕ್ಕೆ ಬೇಕು, ಈಗಾಗಲೇ ಪರಿಚಯವಿರುವವನನ್ನು "ಇವನು ಇಂಥವನೇ" ಎನ್ನಲು 125 ಸಾಕು, 60ರ ಆಸುಪಾಸಿನಲ್ಲಿ ಬಟ್ಟೆಯ ಬಣ್ಣ, ನಡಿಗೆಯ ರೀತಿ ತಿಳಿಯುತ್ತದೆ, 25ರಲ್ಲಿ ಯಾರೋ ಒಬ್ಬರು ಬಂದಿದ್ದಾರೆ ಎಂಬುದಷ್ಟೇ ಗೊತ್ತಾಗುತ್ತದೆ.

ಈಗ ರವಿಯವರ ಕ್ಯಾಮೆರಾಕ್ಕೆ ಇದನ್ನು ಹೊಂದಿಸಿ ನೋಡೋಣ. ಅದರ ನೋಟ 90 ಡಿಗ್ರಿ ಇರುವುದರಿಂದ ಲೆಕ್ಕ ಸುಲಭ, ಎಷ್ಟು ದೂರವೋ ಅದರ ಎರಡರಷ್ಟು ಅಗಲದ ಜಾಗ ಚಿತ್ರದಲ್ಲಿ ಬರುತ್ತದೆ. 5 ಮೀಟರ್ ದೂರದಲ್ಲಿ 10 ಮೀಟರ್ ಅಗಲದ ಜಾಗ ಕಾಣುತ್ತದೆ. 2560 ಚುಕ್ಕೆಗಳು ಆ ಹತ್ತು ಮೀಟರಿಗೆ ಹಂಚಿಹೋದರೆ ಮೀಟರಿಗೆ 256. ಅಂದರೆ ಅಪರಿಚಿತನ ಮುಖ ಪೊಲೀಸರಿಗೆ ತೋರಿಸುವಷ್ಟು ಚೆನ್ನಾಗಿ ಸಿಗುವುದು 5 ಮೀಟರಿನವರೆಗೆ ಮಾತ್ರ. ಪರಿಚಿತನಾದರೆ 10 ಮೀಟರ್. 30 ಮೀಟರಿನಲ್ಲಿ ಮೀಟರಿಗೆ 43 ಚುಕ್ಕೆಗಳಷ್ಟೇ ಉಳಿಯುತ್ತವೆ, ಒಂದು ಆಕಾರ ಓಡಾಡಿದ್ದು ಕಾಣುತ್ತದೆ, ಮುಖವಲ್ಲ. ಡಬ್ಬದ ಮೇಲಿರುವ 30 ಮೀಟರ್ ಎಂಬುದು ಇನ್‌ಫ್ರಾರೆಡ್ ದೀಪದ ಬೆಳಕು ತಲುಪುವ ದೂರವೇ ಹೊರತು ಮುಖ ಗುರುತಿಸುವ ದೂರವಲ್ಲ. ನಿಮ್ಮ ಗಿರಾಕಿಗಳು ಸುಳ್ಳು ದೂರು ಹೇಳುತ್ತಿಲ್ಲ ಸ್ವಾಮಿ.

8 ಮೆಗಾಪಿಕ್ಸೆಲ್ ಎಂದಾಗ ಚುಕ್ಕೆಗಳು ಒಟ್ಟಾರೆ ಎರಡರಷ್ಟಾದರೂ ಅಡ್ಡಸಾಲಿನಲ್ಲಿ 2560 ಇದ್ದದ್ದು 3840 ಆಗುತ್ತದೆ, ಅಂದರೆ ಒಂದೂವರೆ ಪಟ್ಟು. ಹಾಗಾಗಿ 5 ಮೀಟರ್ ಇದ್ದದ್ದು ಏಳೂವರೆ ಮೀಟರಾಗುತ್ತದೆ, ಹತ್ತಾಗುವುದಿಲ್ಲ. ಅದೇ 4 ಮೆಗಾಪಿಕ್ಸೆಲ್ಲಿನಲ್ಲಿ 50 ಡಿಗ್ರಿ ನೋಟದ ಲೆನ್ಸ್ ಇರುವುದನ್ನು ತೆಗೆದುಕೊಂಡರೆ ಸುಮಾರು 11 ಮೀಟರಿನವರೆಗೆ ಅದೇ ಸ್ಪಷ್ಟತೆ ಸಿಗುತ್ತದೆ. ಆದರೆ ಅಕ್ಕಪಕ್ಕದ ಜಾಗ ಚಿತ್ರದಿಂದ ಹೊರಗೆ ಹೋಗುತ್ತದೆ. ಕಾಂಪೌಂಡ್ ಪೂರ್ತಿ ಕಾಣಬೇಕೋ, ಗೇಟಿನಲ್ಲಿ ಬರುವವರ ಮುಖ ಕಾಣಬೇಕೋ ಎಂದು ಗಿರಾಕಿ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಒಂದೇ ಕ್ಯಾಮೆರಾ ಎರಡನ್ನೂ ಚೆನ್ನಾಗಿ ಮಾಡುವುದು ಅಪರೂಪ.

ಚಂದ್ರಶೇಖರ, ವಿಜಯನಗರ

ಒಂದೂವರೆ ಪಟ್ಟು ಎಂಬ ಲೆಕ್ಕ ಒಪ್ಪುತ್ತೇನೆ. ಆದರೂ ನಮ್ಮ ಮನೆಯ 8 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಹಗಲು ಹೊತ್ತು ಎದುರು ಸಾಲಿನ ಮನೆಯವರ ಮುಖವೂ ಗೊತ್ತಾಗುತ್ತದೆ. ಅದು 12 ಮೀಟರಿಗೆ ಕಡಿಮೆ ಇಲ್ಲ.

ಪುಟ್ಟಸ್ವಾಮಿ, ಮಂಡ್ಯ

ಎದುರು ಮನೆಯವರು ನಿಮಗೆ ಪರಿಚಿತರು ಸರ್, ಪರಿಚಿತರಿಗೆ ಅರ್ಧದಷ್ಟು ಚುಕ್ಕೆ ಸಾಕು. ಅದೂ ಹಗಲಿನಲ್ಲಿ. ಕತ್ತಲಾದ ಮೇಲೆ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು ಬೆಳಕು ಕೂಡಿಸಿಕೊಳ್ಳಬೇಕಾಗುತ್ತದೆ. ಸುಮ್ಮನೆ ನಿಂತವನು ಸ್ಪಷ್ಟವಾಗಿ ಬರುತ್ತಾನೆ, ಬಿರಬಿರನೆ ನಡೆಯುವವನ ಮುಖ ಕಲಸಿಹೋಗುತ್ತದೆ. ಒಂದೇ ಅಳತೆಯ ಸೆನ್ಸರಿನಲ್ಲಿ ಚುಕ್ಕೆಗಳನ್ನು ಹೆಚ್ಚಿಸಿದಷ್ಟೂ ಒಂದೊಂದು ಚುಕ್ಕೆಗೆ ಸಿಗುವ ಬೆಳಕು ಕಡಿಮೆಯಾಗುವುದರಿಂದ, ಅಗ್ಗದ 8 ಮೆಗಾಪಿಕ್ಸೆಲ್ ರಾತ್ರಿ ಹೊತ್ತು 4ಕ್ಕಿಂತ ಕೆಟ್ಟದಾಗಿ ಕಾಣುವುದೂ ಉಂಟು. ಇನ್ನೊಂದು ಮಾತು: ಕಳ್ಳರ ಕೈಗೆ ಸಿಗಬಾರದೆಂದು ಬಹಳ ಜನ ಎರಡನೆಯ ಮಹಡಿಯ ಸಜ್ಜೆಗೆ ಹಾಕಿಸುತ್ತಾರೆ. ಅಲ್ಲಿಂದ ಕಾಣುವುದು ನೆತ್ತಿ ಮತ್ತು ಟೋಪಿ. ಎರಡೂವರೆಯಿಂದ ಮೂರು ಮೀಟರ್ ಎತ್ತರ ಸಾಕು.

ಶಿವಲಿಂಗೇಗೌಡ, ಪಾಂಡವಪುರ ತಾಲ್ಲೂಕು

ಚರ್ಚೆ ಚೆನ್ನಾಗಿದೆ. ನನ್ನ ತೊಂದರೆ ಬೇರೆಯದು, ವೈಫೈ ವ್ಯಾಪ್ತಿಯದು. ನಮ್ಮ ಮನೆಯಿಂದ ಆಲೆಮನೆಗೆ 60 ಮೀಟರ್ ದೂರ, ನಡುವೆ ನಮ್ಮದೇ ಕಬ್ಬಿನ ಗದ್ದೆ. ಬೆಲ್ಲದ ಅಚ್ಚುಗಳು ಇರುವ ಕಡೆ ಒಂದು ಕಣ್ಣಿರಲಿ ಎಂದು, "ವ್ಯಾಪ್ತಿ 100 ಮೀಟರ್" ಎಂಬ ವಿವರಣೆ ಓದಿ ಇಂಥದೇ ಕ್ಯಾಮೆರಾ ತರಿಸಿದೆ. ಕಬ್ಬು ಕಡಿದಿದ್ದ ಸಮಯ, ಹಾಕಿದ ದಿನದಿಂದ ಒಂದು ತೊಡಕೂ ಇಲ್ಲದೆ ನಡೆಯಿತು. ಕೂಳೆ ಬೆಳೆ ಆಳೆತ್ತರ ದಾಟಿದ ಮೇಲೆ ಚಿತ್ರ ನಿಂತು ನಿಂತು ಬರತೊಡಗಿತು, ಈಗ ಸಂಜೆಯಾದರೆ "ಆಫ್‌ಲೈನ್" ಎಂದೇ ತೋರಿಸುತ್ತದೆ. ಮಾರಿದವರನ್ನು ಕೇಳಿದರೆ ನಿಮ್ಮ ಇಂಟರ್ನೆಟ್ ಕಂಪನಿಯವರನ್ನು ಕೇಳಿ ಎಂದರು, ಅವರನ್ನು ಕೇಳಿದರೆ ಕ್ಯಾಮೆರಾ ಸರಿಯಿಲ್ಲ ಎಂದರು. ಆಲೆಮನೆಯ ಬಾಗಿಲಲ್ಲಿ ನಿಂತರೆ ನನ್ನ ಮೊಬೈಲಿನಲ್ಲಿ ವೈಫೈ ಎರಡು ಗೆರೆ ತೋರಿಸುತ್ತದೆ. ಹಾಗಿದ್ದ ಮೇಲೆ ಕ್ಯಾಮೆರಾಕ್ಕೆ ಮಾತ್ರ ಏಕೆ ಸಿಗುವುದಿಲ್ಲ?

ಪುಟ್ಟಸ್ವಾಮಿ, ಮಂಡ್ಯ

ಗೌಡರೇ, ತೊಂದರೆ ನಿಮ್ಮ ಕಬ್ಬಿನಲ್ಲಿಯೇ ಇದೆ. ವೈಫೈ ಅಲೆಗಳನ್ನು ನೀರು ಚೆನ್ನಾಗಿ ಹೀರುತ್ತದೆ, ಬೆಳೆದ ಕಬ್ಬಿನ ಗದ್ದೆಯೆಂದರೆ ಮೂರು ಮೀಟರ್ ಎತ್ತರದ ನೀರಿನ ಗೋಡೆ ಇದ್ದಂತೆ. ವಿವರಣೆಯಲ್ಲಿ ಹೇಳುವ 100 ಮೀಟರ್ ನಡುವೆ ಏನೂ ಇಲ್ಲದ ಬಯಲಿನ ಲೆಕ್ಕ. ನಿಮ್ಮ ರೂಟರ್ ಮನೆಯೊಳಗಿದ್ದರೆ ಅಲೆಗಳು ಒಂದೆರಡು ಗೋಡೆಯನ್ನೂ ದಾಟಬೇಕು. ಆಲೆಮನೆಗೆ ತಗಡಿನ ಮರೆ ಇದ್ದು ಕ್ಯಾಮೆರಾ ಅದರ ಒಳಗಡೆ ಇದ್ದರೆ ಅದು ಇನ್ನೂ ಕೆಟ್ಟದ್ದು, ತಗಡು ಅಲೆಯನ್ನು ವಾಪಸ್ ಎಸೆಯುತ್ತದೆ.

ಮೊಬೈಲಿನ ಗೆರೆಗಳನ್ನು ನಂಬಬೇಡಿ. ಅವು ರೂಟರಿನ ಮಾತು ನಿಮ್ಮ ಕೈಗೆ ಎಷ್ಟು ಜೋರಾಗಿ ಕೇಳುತ್ತಿದೆ ಎಂದಷ್ಟೇ ತೋರಿಸುತ್ತವೆ. ಕ್ಯಾಮೆರಾದ ಕೆಲಸ ಇದಕ್ಕೆ ವಿರುದ್ಧ, ಅದು ತನ್ನ ಚಿಕ್ಕ ಆಂಟೆನಾದಿಂದ ಬಿಡುವಿಲ್ಲದೆ ವಿಡಿಯೋವನ್ನು ರೂಟರಿಗೆ ಕಳಿಸಬೇಕು. ಅಳೆಯಬೇಕೆಂದರೆ ವೈಫೈ ಸಿಗ್ನಲ್ ತೋರಿಸುವ ಉಚಿತ ಆಪ್ ಯಾವುದಾದರೂ ಒಂದನ್ನು ಹಾಕಿಕೊಂಡು, ಕ್ಯಾಮೆರಾ ಇರುವ ಎತ್ತರಕ್ಕೇ ಮೊಬೈಲ್ ಹಿಡಿದು ನೋಡಿ. `-60 dBm` ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. `-70`ರ ಹತ್ತಿರ ಬಂದರೆ ಅಂಚಿನಲ್ಲಿದೆ ಎಂದರ್ಥ. `-75` ದಾಟಿದರೆ ನೀವು ಹೇಳುವ ಲಕ್ಷಣಗಳೇ ಕಾಣುತ್ತವೆ. ಅಳೆಯುವಾಗ ಮೊಬೈಲ್ 2.4 ಗಿಗಾಹರ್ಟ್ಸ್ ಜಾಲದಲ್ಲಿರಲಿ, ಏಕೆಂದರೆ ಈ ದರ್ಜೆಯ ಕ್ಯಾಮೆರಾಗಳಲ್ಲಿ ಹೆಚ್ಚಿನವು ಅದನ್ನು ಮಾತ್ರ ಹಿಡಿಯುತ್ತವೆ.

ಶಿವಲಿಂಗೇಗೌಡ, ಪಾಂಡವಪುರ ತಾಲ್ಲೂಕು

ನೋಡಿದೆ. ಕ್ಯಾಮೆರಾದ ಪಕ್ಕದಲ್ಲಿ `-79` ತೋರಿಸಿತು. ಮಗ ಏಣಿ ಹತ್ತಿ ಆಲೆಮನೆಯ ಸೂರಿನ ಮೇಲೆ ಮೊಬೈಲ್ ಎತ್ತಿ ಹಿಡಿದಾಗ `-68` ಬಂತು. ರೂಟರಿಗೆ ದೊಡ್ಡ ಆಂಟೆನಾದ್ದು ತಂದರೆ ಸರಿಹೋದೀತೇ?

ಪುಟ್ಟಸ್ವಾಮಿ, ಮಂಡ್ಯ

ಸೂರಿನ ಮೇಲೆ ಅಷ್ಟು ವ್ಯತ್ಯಾಸ ಬಂದದ್ದೇ ಉತ್ತರ. ರೂಟರ್ ಬದಲಿಸಿದರೆ ಸ್ವಲ್ಪ ಸುಧಾರಿಸಬಹುದು, ಆದರೆ ಕ್ಯಾಮೆರಾದ ದನಿ ಮೊದಲಿನಷ್ಟೇ ಇರುತ್ತದೆ. ಮನೆಯ ತಾರಸಿಯ ಮೇಲೊಂದು, ಆಲೆಮನೆಯ ಸೂರಿನ ಮೇಲೊಂದು, ಎದುರುಬದುರು ನೋಡುವಂತೆ ಹೊರಾಂಗಣದ ವೈರ್‌ಲೆಸ್ ಬ್ರಿಡ್ಜ್ ಜೋಡಿ ಹಾಕಿ, ಆಲೆಮನೆಯೊಳಗೆ ಅದಕ್ಕೆ ಒಂದು ಚಿಕ್ಕ ರೂಟರ್ ಸೇರಿಸುವುದು ಒಂದು ದಾರಿ. ಎರಡೂ ಕಡೆಯ ಪೆಟ್ಟಿಗೆ ಕಬ್ಬಿನ ತುದಿಗಿಂತ ಒಂದು ಮೀಟರಾದರೂ ಮೇಲಿರಲಿ, ನಿಮ್ಮ ಬೆಳೆ ಪೂರ್ತಿ ಬೆಳೆದಾಗಿನ ಎತ್ತರಕ್ಕೆ ಲೆಕ್ಕ ಹಾಕಿ. ಇನ್ನೊಂದು ದಾರಿ ಕೇಬಲ್ ಎಳೆಯುವುದು. ನೆಟ್‌ವರ್ಕ್ ಕೇಬಲ್ 100 ಮೀಟರಿನವರೆಗೆ ನಡೆಯುತ್ತದೆ, ನಿಮ್ಮದು 60.

ಚಂದ್ರಶೇಖರ, ವಿಜಯನಗರ

ಕೇಬಲ್ಲೇ ಉತ್ತಮ ಗೌಡರೇ. ಪೈಪಿನೊಳಗೆ ಹಾಕಿ ಹೂತುಬಿಟ್ಟರೆ ಯಾವ ಕಬ್ಬಿನ ಕಾಟವೂ ಇಲ್ಲ.

ಪುಟ್ಟಸ್ವಾಮಿ, ಮಂಡ್ಯ

ಸಿಗ್ನಲ್ ದೃಷ್ಟಿಯಿಂದ ಅದು ಸರಿ. ಆದರೆ ಬಯಲಿನಲ್ಲಿ ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಎಳೆದ ಕಡೆ, ಹತ್ತಿರದಲ್ಲಿ ಸಿಡಿಲು ಬಡಿದರೆ ಕ್ಯಾಮೆರಾದ ಜೊತೆಗೆ ಮನೆಯ ರೂಟರೂ ಹೋಗುತ್ತದೆ. ಮುಂಗಾರಿನ ಮುಂಚಿನ ಗುಡುಗು ಮಳೆಯಲ್ಲಿ ಇಂಥದ್ದನ್ನು ನಾನು ಕಂಡಿದ್ದೇನೆ. ಫೈಬರ್ ಎಳೆದರೆ ಆ ಭಯವಿಲ್ಲ, ಖರ್ಚು ಜಾಸ್ತಿ. ಉಳುಮೆಯ ನೇಗಿಲಿಗೆ ಸಿಗದಷ್ಟು ಆಳಕ್ಕೂ ತೋಡಬೇಕು. ನಾನಾದರೆ ಬ್ರಿಡ್ಜ್ ಹಾಕುತ್ತೇನೆ, ಕೇಬಲ್ ಹಾಕುವವರನ್ನು ತಪ್ಪೆನ್ನುವುದಿಲ್ಲ.

ರವಿಕುಮಾರ್, ಮೈಸೂರು

ಹಾಗಾದರೆ ವೈಫೈ ವ್ಯಾಪ್ತಿಯ ಸಂಖ್ಯೆಯನ್ನೇ ತೆಗೆದುಬಿಡಲೇ? ಗಿರಾಕಿಗಳು ಮೊದಲು ಕೇಳುವುದೇ ಅದನ್ನು. ಪಕ್ಕದ ಅಂಗಡಿಯವರ ವಿವರಣೆಯಲ್ಲಿ 100 ಇದ್ದು ನನ್ನದರಲ್ಲಿ ಏನೂ ಇಲ್ಲದಿದ್ದರೆ ಮಾರಾಟವೇ ಆಗುವುದಿಲ್ಲ.

ಚಂದ್ರಶೇಖರ, ವಿಜಯನಗರ

ತೆಗೆಯಬೇಡಿ. ಬಯಲಿನಲ್ಲಿ ಎಂದು ನೀವು ಬರೆದೇ ಇದ್ದೀರಿ, ಓದುವುದು ಕೊಳ್ಳುವವರ ಜವಾಬ್ದಾರಿ.

ಪುಟ್ಟಸ್ವಾಮಿ, ಮಂಡ್ಯ

ಬಯಲಿನಲ್ಲಿ ಎಂಬ ಒಂದು ಪದಕ್ಕೆ ಅಷ್ಟು ಭಾರ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಸಂಖ್ಯೆಯ ಬದಲು ಅಳೆಯುವ ವಿಧಾನವನ್ನೇ ಬರೆಯಬಹುದಲ್ಲ?

ಸುಮಿತ್ರಾ, ಕುವೆಂಪುನಗರ

ನಾನು 30 ಮೀಟರನ್ನು ವೈರಿನ ಉದ್ದ ಎಂದುಕೊಂಡಿದ್ದೆ, ಅದು ಹೋಗಲಿ. ಆದರೆ ನನ್ನ ಪ್ರಶ್ನೆ ಹಾಗೆಯೇ ಉಳಿಯಿತು. ವೈರ್ ಎಷ್ಟು ಬರುತ್ತದೆ? ಕಡಿಮೆಯಿದ್ದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಉದ್ದ ಮಾಡಿಸಬಹುದೇ? ತಂಗಿಯ ಮನೆಯಲ್ಲಿ ಹಾಗೆ ಮಾಡಿಸಿದ್ದಾರೆ. ಅವರ ಕ್ಯಾಮೆರಾ ಮೊಬೈಲ್ ಚಾರ್ಜರಿನಂಥ ಯುಎಸ್‌ಬಿ ಅಡಾಪ್ಟರಿನದು. ಹಗಲು ಹೊತ್ತು ಚೆನ್ನಾಗಿರುತ್ತದೆ, ದೀಪ ಹಚ್ಚುವ ಹೊತ್ತಿಗೆ ಟಕ್ ಎಂದು ಸದ್ದು ಮಾಡಿ ಆರಿಹೋಗುತ್ತದೆ, ಮತ್ತೆ ತಾನೇ ಹತ್ತಿಕೊಳ್ಳುತ್ತದೆ, ಮತ್ತೆ ಟಕ್ ಎನ್ನುತ್ತದೆ. ರಾತ್ರಿಯಿಡೀ ಅದೇ ಕಥೆ.

ಪುಟ್ಟಸ್ವಾಮಿ, ಮಂಡ್ಯ

ಮೇಡಂ, ನೀವು ಕೇಳಿದ್ದು ಈ ಕರಡಿನಲ್ಲಿ ಬಿಟ್ಟುಹೋಗಿರುವ ಮುಖ್ಯ ವಿಷಯ. ಅಡಾಪ್ಟರಿನ ವೈರ್ ಸಾಮಾನ್ಯವಾಗಿ ಒಂದರಿಂದ ಮೂರು ಮೀಟರ್ ಇರುತ್ತದೆ, ಅಷ್ಟೇ. "ವೈಫೈ ಕ್ಯಾಮೆರಾ" ಎಂದು ಓದಿದವರು ಯಾವ ವೈರೂ ಬೇಡ ಎಂದುಕೊಳ್ಳುತ್ತಾರೆ. ವಿಡಿಯೋಗೆ ವೈರ್ ಬೇಡ, ಕರೆಂಟಿಗೆ ಬೇಕು.

ನಿಮ್ಮ ತಂಗಿಯವರ ಮನೆಯ ಟಕ್ ಸದ್ದು ಲೆನ್ಸಿನ ಹಿಂದಿರುವ ಸಣ್ಣ ಫಿಲ್ಟರ್ ಸರಿಯುವ ಸದ್ದು. ಕತ್ತಲಾದಾಗ ಅದು ಸರಿದು ಇನ್‌ಫ್ರಾರೆಡ್ ದೀಪಗಳು ಹತ್ತುತ್ತವೆ, ಆ ಕ್ಷಣದಲ್ಲಿ ಕ್ಯಾಮೆರಾ ಎಳೆಯುವ ಕರೆಂಟ್ ಒಮ್ಮೆಲೇ ಹೆಚ್ಚಾಗುತ್ತದೆ. ತೆಳುವಾದ ವೈರನ್ನು ಉದ್ದ ಎಳೆದಿದ್ದರೆ ವೋಲ್ಟೇಜ್ ದಾರಿಯಲ್ಲೇ ಕುಸಿಯುತ್ತದೆ. ಅರ್ಧ ಚದರ ಮಿಲಿಮೀಟರ್ ತಾಮ್ರದ ವೈರನ್ನು 30 ಮೀಟರ್ ಎಳೆದರೆ, ಹೋಗಿಬರುವ ದಾರಿ ಸೇರಿ 60 ಮೀಟರಿಗೆ ಎರಡು ಓಮಿಗಿಂತ ಸ್ವಲ್ಪ ಹೆಚ್ಚು ತಡೆ ಇರುತ್ತದೆ. ಅರ್ಧ ಆಂಪಿಯರ್ ಎಳೆದಾಗ ಸುಮಾರು ಒಂದು ವೋಲ್ಟ್ ಹೋಯಿತು. ಯುಎಸ್‌ಬಿಯ 5 ವೋಲ್ಟಿನಲ್ಲಿ ಒಂದು ಹೋದರೆ ಕ್ಯಾಮೆರಾ ಆರುತ್ತದೆ, ಆರಿದೊಡನೆ ಹೊರೆ ಇಳಿದು ವೋಲ್ಟೇಜ್ ಏರುತ್ತದೆ, ಮತ್ತೆ ಹತ್ತುತ್ತದೆ. ರವಿಯವರ 12 ವೋಲ್ಟಿನದಾದರೆ 11 ಉಳಿಯುತ್ತದೆ, ಬಹುಪಾಲು ತಡೆದುಕೊಳ್ಳುತ್ತದೆ. ಆದರೂ ನೀವು ಅಡಾಪ್ಟರಿನ ವೈರನ್ನು ಉದ್ದ ಮಾಡಿಸಬೇಡಿ. ಗೇಟಿನ ಕಂಬದವರೆಗೆ ಮನೆಯ 230 ವೋಲ್ಟ್ ಲೈನನ್ನೇ ಪೈಪಿನಲ್ಲಿ ಎಳೆಸಿ, ಮಳೆ ತಾಗದ ಡಬ್ಬದೊಳಗೆ ಅಡಾಪ್ಟರ್ ಇಡಿಸಿ. ಕ್ಯಾಮೆರಾಕ್ಕೆ ಐಪಿ66 ಇದ್ದರೂ ಅಡಾಪ್ಟರಿಗೆ ಅದು ಇರುವುದಿಲ್ಲ.

ಶಿವಲಿಂಗೇಗೌಡ, ಪಾಂಡವಪುರ ತಾಲ್ಲೂಕು

ಕಾರ್ಡಿನ ಬಗ್ಗೆಯೂ ಒಂದು ಮಾತು. 30 ದಿನ ಎಂದು ನನ್ನ ಕ್ಯಾಮೆರಾದ ವಿವರಣೆಯಲ್ಲೂ ಇತ್ತು. ಅದೂ 128 ಜಿಬಿಯದೇ ಕಾರ್ಡು. ಹಿಂದಿನ ಸೋಮವಾರದ್ದನ್ನು ಭಾನುವಾರ ಹುಡುಕಿದರೆ ಅಳಿಸಿಹೋಗಿರುತ್ತದೆ.

ರವಿಕುಮಾರ್, ಮೈಸೂರು

30 ದಿನ ಎಂಬುದು ಚಲನೆ ಕಂಡಾಗ ಮಾತ್ರ ರೆಕಾರ್ಡ್ ಆಗುವ ಲೆಕ್ಕ ಗೌಡರೇ. ಕಂಪನಿಯವರು ಹಾಗೆಯೇ ಬರೆದಿದ್ದಾರೆ.

ಚಂದ್ರಶೇಖರ, ವಿಜಯನಗರ

ಗೌಡರು ಆಪ್‌ನಲ್ಲಿ ಚಲನೆಯ ರೆಕಾರ್ಡಿಂಗ್ ಆಯ್ಕೆ ಮಾಡಿಕೊಂಡರೆ ಮುಗಿಯಿತು. ನನ್ನ ಕ್ಯಾಮೆರಾದಲ್ಲಿ ತಿಂಗಳ ಹಿಂದಿನದೂ ಸಿಗುತ್ತದೆ.

ಪುಟ್ಟಸ್ವಾಮಿ, ಮಂಡ್ಯ

ನಿಮ್ಮ ಬೀದಿಯಲ್ಲಿ ಅದು ನಡೆಯುತ್ತದೆ ಸರ್, ಆಲೆಮನೆಯಲ್ಲಿ ನಡೆಯುವುದಿಲ್ಲ. ಕೊಪ್ಪರಿಗೆಯಿಂದ ಏಳುವ ಹಬೆ, ಒಲೆಯ ಬೆಂಕಿಯ ಕುಣಿತ, ಎಲ್ಲವೂ ಕ್ಯಾಮೆರಾಕ್ಕೆ ಚಲನೆಯೇ. ನಾಲೆಯ ಸೀಮೆಯಲ್ಲಿ ರಾತ್ರಿ ಹುಳುಗಳು ಇನ್‌ಫ್ರಾರೆಡ್ ದೀಪಕ್ಕೆ ಮುತ್ತುತ್ತವೆ, ಅವನ್ನು ಹಿಡಿಯಲು ಜೇಡ ಲೆನ್ಸಿನ ಮುಂದೆಯೇ ಬಲೆ ಕಟ್ಟುತ್ತದೆ, ಗಾಳಿಗೆ ಬಲೆ ಅಲುಗಿದಾಗಲೆಲ್ಲ ರೆಕಾರ್ಡಿಂಗ್ ಶುರುವಾಗುತ್ತದೆ. ಕೊನೆಗೆ ದಿನವಿಡೀ ರೆಕಾರ್ಡ್ ಮಾಡಿದ್ದಕ್ಕೂ ಇದಕ್ಕೂ ವ್ಯತ್ಯಾಸವೇ ಇರುವುದಿಲ್ಲ.

ದಿನವಿಡೀ ರೆಕಾರ್ಡ್ ಆಗುವ ಲೆಕ್ಕವನ್ನೇ ಕೊಡಿ, ಅದು ಯಾರಿಗೂ ಮೋಸ ಮಾಡುವುದಿಲ್ಲ. ಆಪ್‌ನಲ್ಲಿ ಬಿಟ್‌ರೇಟ್ ಎಂಬ ಸಂಖ್ಯೆ ಇರುತ್ತದೆ. ಅದು ಸೆಕೆಂಡಿಗೆ 2 ಮೆಗಾಬಿಟ್ ಇದ್ದರೆ ದಿನಕ್ಕೆ 21.6 ಜಿಬಿ ಬೇಕು. 128 ಜಿಬಿ ಕಾರ್ಡಿನಲ್ಲಿ ಆರು ದಿನಕ್ಕೂ ಸ್ವಲ್ಪ ಕಡಿಮೆ, ಗೌಡರ ಸೋಮವಾರದ ಲೆಕ್ಕಕ್ಕೆ ಸರಿಹೊಂದುತ್ತದೆ. ವಿಡಿಯೋವನ್ನು ಇನ್ನಷ್ಟು ಕುಗ್ಗಿಸಿ ಉಳಿಸುವ ಎಚ್.265 ಆಯ್ಕೆ ಇದ್ದು ಬಿಟ್‌ರೇಟ್ ಅರ್ಧಕ್ಕೆ ಇಳಿಸಿದರೆ ಹನ್ನೊಂದು ದಿನಗಳಷ್ಟು ಸಿಗುತ್ತದೆ. ಕಾರ್ಡು ಕೊಳ್ಳುವಾಗ ಸಿಸಿಟಿವಿಗಾಗಿಯೇ ಮಾಡಿದ, `High Endurance` ಎಂದು ಬರೆದಿರುವ ಕಾರ್ಡನ್ನೇ ಕೊಳ್ಳಬೇಕು. ಹಗಲಿರುಳೂ ಬರೆದು ಅಳಿಸುವ ಕೆಲಸಕ್ಕೆ ಮೊಬೈಲಿನ ಮಾಮೂಲಿ ಕಾರ್ಡು ಬೇಗ ಸವೆಯುತ್ತದೆ, ಸವೆದದ್ದು ಬೇಕಾದ ದಿನವೇ ಗೊತ್ತಾಗುತ್ತದೆ. ಕಳ್ಳ ಕ್ಯಾಮೆರಾವನ್ನೇ ಕಿತ್ತುಕೊಂಡು ಹೋದರೆ ಕಾರ್ಡೂ ಅದರ ಜೊತೆಯಲ್ಲೇ ಹೋಗುತ್ತದೆ ಎಂಬುದನ್ನೂ ಬರೆಯಿರಿ.

ಸುಮಿತ್ರಾ, ಕುವೆಂಪುನಗರ

ಕರೆಂಟ್ ಹೋದರೆ? ನಮ್ಮ ಯುಪಿಎಸ್‌ಗೆ ಕ್ಯಾಮೆರಾ ಕೊಡಿಸಬಹುದು, ರೂಟರ್ ಅದರಲ್ಲಿಲ್ಲ.

ಪುಟ್ಟಸ್ವಾಮಿ, ಮಂಡ್ಯ

ಕ್ಯಾಮೆರಾಕ್ಕೆ ಕರೆಂಟ್ ಇದ್ದರೆ ಕಾರ್ಡಿನಲ್ಲಿ ರೆಕಾರ್ಡ್ ಆಗುತ್ತಲೇ ಇರುತ್ತದೆ, ರೂಟರ್ ಆರಿದ್ದರೆ ಮೊಬೈಲಿನಲ್ಲಿ ಆಗ ನೋಡಲು ಬರುವುದಿಲ್ಲ. ರೂಟರನ್ನೂ ಅದೇ ಲೈನಿಗೆ ಸೇರಿಸಿ, ಅದು ಎಳೆಯುವುದು ಬಲು ಕಡಿಮೆ.

ರವಿಕುಮಾರ್, ಮೈಸೂರು

ಎಲ್ಲರಿಗೂ ಧನ್ಯವಾದ. ತಿದ್ದಿದ ಪಾಠ ಇಲ್ಲಿದೆ. ಜೋಡಣೆಯಲ್ಲಿ ನಮ್ಮ ಅಂಗಡಿಗೆ ಹೆಚ್ಚು ಬರುವ ಕರೆ ರೂಟರಿನ ಎರಡೂ ಜಾಲಗಳಿಗೆ ಒಂದೇ ಹೆಸರಿದ್ದಾಗಿನ ತೊಡಕಿನದು, ಅದನ್ನೂ ಸೇರಿಸಿದ್ದೇನೆ.

> ಮನೆಯ ಹೊರಗೆ ಹಾಕುವ ವೈಫೈ ಕ್ಯಾಮೆರಾ, 4 ಮೆಗಾಪಿಕ್ಸೆಲ್, 90 ಡಿಗ್ರಿ ನೋಟ. ಹಗಲಿನಲ್ಲಿ ಅಪರಿಚಿತರ ಮುಖ ಸುಮಾರು 5 ಮೀಟರಿನವರೆಗೆ, ಪರಿಚಿತರ ಮುಖ 10 ಮೀಟರಿನವರೆಗೆ ಗುರುತು ಸಿಗುತ್ತದೆ. ರಾತ್ರಿ ಇದಕ್ಕಿಂತ ಕಡಿಮೆ. ಕತ್ತಲೆಯಲ್ಲಿ 30 ಮೀಟರಿನವರೆಗೆ ಓಡಾಟ ಕಾಣುತ್ತದೆ, ಮುಖ ಕಾಣುವುದಿಲ್ಲ. ಎರಡೂವರೆಯಿಂದ ಮೂರು ಮೀಟರ್ ಎತ್ತರದಲ್ಲಿ ಹಾಕಿ.
>
> ವೈಫೈ ಬಯಲಿನಲ್ಲಿ 100 ಮೀಟರ್. ಗೋಡೆ, ತಗಡು, ಬೆಳೆದ ಕಬ್ಬು ನಡುವೆ ಇದ್ದರೆ ಬಹಳ ಕಡಿಮೆ. ಕೊಳ್ಳುವ ಮೊದಲು ಕ್ಯಾಮೆರಾ ಹಾಕುವ ಜಾಗದಲ್ಲಿ ಮೊಬೈಲಿನಿಂದ ಅಳೆಯಿರಿ: `-70 dBm` ಗಿಂತ ಕೆಟ್ಟದಿದ್ದರೆ ನಮಗೆ ಕರೆ ಮಾಡಿ, ಬೇರೆ ವ್ಯವಸ್ಥೆ ಹೇಳುತ್ತೇವೆ.
>
> 128 ಜಿಬಿ ಕಾರ್ಡಿನಲ್ಲಿ ದಿನವಿಡೀ ರೆಕಾರ್ಡ್ ಮಾಡಿದರೆ ಐದರಿಂದ ಆರು ದಿನ. ಕಾರ್ಡು ಬೆಲೆಯಲ್ಲಿ ಸೇರಿಲ್ಲ. ಕ್ಯಾಮೆರಾದ ಹತ್ತಿರ ಪ್ಲಗ್ ಪಾಯಿಂಟ್ ಇರಲೇಬೇಕು, ಅಡಾಪ್ಟರಿನ ವೈರ್ ಒಂದೂವರೆ ಮೀಟರ್.
>
> ಇದು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತದೆ. ನಿಮ್ಮ ರೂಟರಿನಲ್ಲಿ 2.4 ಮತ್ತು 5 ಎರಡಕ್ಕೂ ಒಂದೇ ಹೆಸರಿದ್ದು ಜೋಡಣೆ ಆಗದಿದ್ದರೆ, ಜೋಡಿಸುವಷ್ಟು ಹೊತ್ತು 5ನ್ನು ಆಫ್ ಮಾಡಿ. ಭದ್ರತೆಯ ಆಯ್ಕೆ `WPA3` ಮಾತ್ರ ಇದ್ದರೆ `WPA2/WPA3` ಮಾಡಿ.

ಪುಟ್ಟಸ್ವಾಮಿ, ಮಂಡ್ಯ

ಚೆನ್ನಾಗಿದೆ. 100 ಮೀಟರ್ ಉಳಿಸಿಕೊಂಡದ್ದಕ್ಕೆ ನನ್ನ ತಕರಾರು ಹಾಗೆಯೇ ಇದೆ. ಕಾರ್ಡಿನ ಸಾಲಿನಲ್ಲಿ ಬಿಟ್‌ರೇಟ್ 2 ಮೆಗಾಬಿಟ್ ಇದ್ದಾಗಿನ ಲೆಕ್ಕ ಎಂದು ಸೇರಿಸಿ, ಇಲ್ಲವಾದರೆ 4ಕ್ಕೆ ಏರಿಸಿಕೊಂಡವರು ಮೂರೇ ದಿನ ಬಂತು ಎಂದು ವಾಪಸ್ ತರುತ್ತಾರೆ.

ಚಂದ್ರಶೇಖರ, ವಿಜಯನಗರ

5 ಮೀಟರ್ ಎಂದು ಓದಿದ ತಕ್ಷಣ ಅರ್ಧ ಜನ ಪುಟ ಮುಚ್ಚುತ್ತಾರೆ ರವಿಯವರೇ. ಅದನ್ನು ಕೊನೆಗಾದರೂ ಹಾಕಬಹುದಿತ್ತು.

ರವಿಕುಮಾರ್, ಮೈಸೂರು

ಮುಚ್ಚಲಿ ಬಿಡಿ ಸರ್. ವಾಪಸ್ ಬಂದ ಒಂದು ಕ್ಯಾಮೆರಾದ ಕೊರಿಯರ್ ಖರ್ಚಿಗೆ ಎರಡು ಮಾರಿದ ಲಾಭ ಹೋಗುತ್ತದೆ. ಬಿಟ್‌ರೇಟ್ ಸಾಲನ್ನು ಈಗಲೇ ಸೇರಿಸುತ್ತೇನೆ. ಸುಮಿತ್ರಾ ಮೇಡಂ, ನಿಮ್ಮ ಗೇಟಿನಿಂದ ಬರುವವರು ಕ್ಯಾಮೆರಾಕ್ಕೆ ಎಷ್ಟು ಹತ್ತಿರ ಹಾದುಹೋಗುತ್ತಾರೆ ಎಂದು ಒಮ್ಮೆ ಟೇಪಿನಲ್ಲಿ ಅಳೆದು ತಿಳಿಸಿ, ಯಾವ ಲೆನ್ಸ್ ಎಂದು ಆಮೇಲೆ ಹೇಳುತ್ತೇನೆ.

ಸುಮಿತ್ರಾ, ಕುವೆಂಪುನಗರ

ಅಳೆದೆ. ಕ್ಯಾಮೆರಾವನ್ನು ಪೋರ್ಟಿಕೋದ ಕಂಬಕ್ಕೆ ಹಾಕಿದರೆ ಗೇಟಿಗೆ 9 ಮೀಟರ್, ಗೇಟಿನ ಕಂಬಕ್ಕೇ ಹಾಕಿದರೆ 2. ಗೇಟಿನ ಕಂಬಕ್ಕೆ ಹಾಕಿದರೆ ಕಳ್ಳರ ಕೈಗೆ ಸಿಗುತ್ತದೆ ಎಂದು ನಮ್ಮ ಯಜಮಾನರಿಗೆ ಅನುಮಾನ.